ಒಂದು ಸೊನ್ನೆ ತಪ್ಪಿದಾಗ ಹಣಕಾಸು ವಿಭಾಗಕ್ಕೆ ಬರೆಯುವ ಪತ್ರ

ಆನ್‌ಲೈನ್ ಜಾಹೀರಾತಿಗೆ ಮಂಜೂರಾದದ್ದಕ್ಕಿಂತ ಹೆಚ್ಚು ಹಣ ಹೋದಾಗ ಹಣಕಾಸು ವಿಭಾಗಕ್ಕೆ ಒಂದು ಪತ್ರ ಹೋಗುತ್ತದೆ. ಬಹಳಷ್ಟು ಸಲ ಅದರ ತಿರುಳು ಇಷ್ಟೇ: ‘ತಾಂತ್ರಿಕ ಕಾರಣದಿಂದ ಖರ್ಚು ಹೆಚ್ಚಾಗಿದೆ, ಸರಿಪಡಿಸಲಾಗಿದೆ.’ ಲೆಕ್ಕ ನೋಡುವವರಿಗೆ ಈ ಸಾಲಿನಿಂದ ಏನೂ ದಕ್ಕುವುದಿಲ್ಲ. ಎಷ್ಟು ಹೋಯಿತು, ವಾಪಸ್ ಬರುತ್ತದೆಯೇ, ಈಗಲೂ ಹೋಗುತ್ತಿದೆಯೇ, ತಿಂಗಳ ಉಳಿದ ದಿನಗಳಿಗೆ ಏನು ದಾರಿ ಎಂಬುದು ಅವರಿಗೆ ತಿಳಿಯಬೇಕು. ಇದಕ್ಕೆ ಉತ್ತರ ಕೊಡಬೇಕಾದರೆ ಬರೆಯುವವರಿಗೇ ತಪ್ಪು ಎಲ್ಲಿ ಆಯಿತೆಂದು ಸರಿಯಾಗಿ ಗೊತ್ತಿರಬೇಕು.

ಆನ್‌ಲೈನ್‌ನಲ್ಲಿ ಸೀರೆ ಮಾರುವ ಒಂದು ಸಣ್ಣ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಗೂಗಲ್ ಜಾಹೀರಾತಿಗೆ ತಿಂಗಳಿಗೆ 3 ಲಕ್ಷ ರೂಪಾಯಿ, ಅಂದರೆ ದಿನಕ್ಕೆ ಸುಮಾರು 10,000 ಮಂಜೂರಾಗಿದೆ. ಯಾರಾದರೂ ‘ರೇಷ್ಮೆ ಸೀರೆ’ ಎಂದು ಹುಡುಕಿದ ಕ್ಷಣದಲ್ಲೇ ಜಾಹೀರಾತಿನ ಜಾಗಕ್ಕೆ ಒಂದು ಹರಾಜು ನಡೆಯುತ್ತದೆ. ಪ್ರತಿ ಹರಾಜಿನಲ್ಲಿ ಎಷ್ಟು ಕೂಗಬೇಕೆಂದು ಮನುಷ್ಯರು ಕುಳಿತು ಹೇಳಲಾಗದು. ಅದಕ್ಕೇ ಹೆಚ್ಚಿನವರು ಆ ಕೆಲಸವನ್ನು ವ್ಯವಸ್ಥೆಗೆ ಬಿಟ್ಟು, Target ROAS ಎಂಬ ಗುರಿಯೊಂದನ್ನು ಮಾತ್ರ ಬರೆದುಕೊಡುತ್ತಾರೆ. ಗುರಿ 500% ಎಂದರೆ, ಹಾಕಿದ ಒಂದು ರೂಪಾಯಿಗೆ ಐದು ರೂಪಾಯಿ ಮಾರಾಟ ಬರುವಂತೆ ಬಿಡ್ ಮಾಡು ಎಂದರ್ಥ.

ಹದಿಮೂರನೇ ತಾರೀಖು, ಶುಕ್ರವಾರ ಸಂಜೆ. ಹಬ್ಬದ ವ್ಯಾಪಾರ ಹೆಚ್ಚಲಿ ಎಂದು ಗುರಿಯನ್ನು 450%ಗೆ ಇಳಿಸುವ ತೀರ್ಮಾನವಾಯಿತು. ಟೈಪ್ ಮಾಡುವಾಗ ಅದು 45 ಎಂದಾಯಿತು. ಒಂದು ರೂಪಾಯಿ ಹಾಕಿ 45 ಪೈಸೆ ಮಾರಾಟ ಬಂದರೂ ಸಾಕು ಎಂದು ಹೇಳಿದಂತಾಯಿತು. ವ್ಯವಸ್ಥೆ ಅದನ್ನೇ ನಂಬಿ, ಮೊದಲು ಬಿಟ್ಟುಬಿಡುತ್ತಿದ್ದ ದುಬಾರಿ ಹರಾಜುಗಳಲ್ಲೂ ಕೂಗತೊಡಗಿತು. ಸೋಮವಾರ ಬೆಳಿಗ್ಗೆ ನೋಡಿದಾಗ 1,87,000 ರೂಪಾಯಿ ಮುಗಿದಿತ್ತು. ಎಂದಿನಂತೆ ಆಗಿದ್ದರೆ ಅಷ್ಟು ಹೊತ್ತಿಗೆ 33,000 ಆಗಬೇಕಿತ್ತು. ಹೆಚ್ಚುವರಿ 1,54,000.

ಹಣಕಾಸು ವಿಭಾಗದವರು ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ದಿನಕ್ಕೆ 10,000 ಎಂಬ ಮಿತಿ ಇರಲಿಲ್ಲವೇ? ನನ್ನ ಮಟ್ಟಿಗೆ ಇಡೀ ಪತ್ರದ ಜೀವ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ. ಮಿತಿ ಇತ್ತು, ಆದರೆ 10,000 ಅಲ್ಲ, 40,000. ಗುರಿ ಇಟ್ಟು ಬಿಡ್ ಮಾಡಿಸುವವರಲ್ಲಿ ದಿನದ ಬಜೆಟ್ಟನ್ನು ಬೇಕೆಂದೇ ಸಡಿಲ ಬಿಡುವ ರೂಢಿಯಿದೆ. ಬಜೆಟ್ ಬಿಗಿಯಾದರೆ ಒಳ್ಳೆಯ ಹರಾಜುಗಳೂ ಕೈತಪ್ಪುತ್ತವೆ, ಖರ್ಚನ್ನು ಹೇಗೂ ಗುರಿ ತಡೆಯುತ್ತದೆ ಎಂಬ ಲೆಕ್ಕಾಚಾರ ಅದು. ತಿಂಗಳುಗಟ್ಟಲೆ 500% ಗುರಿಯೇ ಖರ್ಚನ್ನು 10,000ದ ಆಸುಪಾಸಿನಲ್ಲಿ ಹಿಡಿದಿಟ್ಟಿತ್ತು. ಆ ತಡೆ ಹೋದ ಮೇಲೆ ಉಳಿದದ್ದು 40,000. ಅದೂ ಗಟ್ಟಿಯಾದ ಮಿತಿಯಲ್ಲ. ಗೂಗಲ್ ಇದನ್ನು ಸರಾಸರಿ ದಿನದ ಬಜೆಟ್ ಎಂದು ಕರೆಯುತ್ತದೆ. ಯಾವುದೇ ಒಂದು ದಿನ ಅದರ ಎರಡು ಪಟ್ಟಿನವರೆಗೆ ಖರ್ಚಾಗಬಹುದು, ತಿಂಗಳಿಗೆ ಮಾತ್ರ 30.4 ಪಟ್ಟು ಮೀರುವಂತಿಲ್ಲ. ಹಾಗಾಗಿ ಶನಿವಾರ 72,000 ಖರ್ಚಾದದ್ದು ನಿಯಮದೊಳಗೇ ಇತ್ತು.

ವಾಪಸಾತಿಯ ಆಸೆಯೂ ಇಲ್ಲಿಗೇ ಮುಗಿಯುತ್ತದೆ. ತಿಂಗಳ ಮಿತಿ ಮೀರಿ ಜಾಹೀರಾತು ತೋರಿಸಿದ್ದರೆ ಗೂಗಲ್ ಆ ಹಣವನ್ನು ಖಾತೆಗೆ ಜಮಾ ಮಾಡುತ್ತದೆ, ನಕಲಿ ಕ್ಲಿಕ್‌ಗಳೆಂದು ಗುರುತಿಸಿದ ಹಣವನ್ನೂ ಬಿಡುತ್ತದೆ. ಇಲ್ಲಿ ಒತ್ತಿದವರು ನಿಜವಾದ ಗ್ರಾಹಕರು, ಬರೆದದ್ದು ಸಂಸ್ಥೆಯೇ. ‘ಗೂಗಲ್ ಜೊತೆ ಮಾತಾಡುತ್ತಿದ್ದೇವೆ’ ಎಂದು ಬರೆದು ಹಣಕಾಸಿನವರಲ್ಲಿ ಸುಳ್ಳು ಭರವಸೆ ಹುಟ್ಟಿಸಬಾರದು.

ತಪ್ಪು ಬಿಡ್‌ನದ್ದೇ, ಹಬ್ಬದ ಬೇಡಿಕೆಯದ್ದಲ್ಲ ಎಂದು ತೋರಿಸಲು ಎರಡು ಸಾಕ್ಷಿ ಸಾಕು. ಮೊದಲನೆಯದು ಖಾತೆಯ ಚೇಂಜ್ ಹಿಸ್ಟರಿ: ಯಾವ ಹೊತ್ತಿಗೆ, ಯಾವ ಲಾಗಿನ್‌ನಿಂದ, ಎಷ್ಟಿದ್ದದ್ದು ಎಷ್ಟಾಯಿತು ಎಂಬುದು ಅಲ್ಲಿರುತ್ತದೆ. ಎರಡನೆಯದು ಕ್ಲಿಕ್‌ನ ದರ. ಬೇಡಿಕೆ ಮಾತ್ರ ಏರಿದ್ದರೆ ಮುಖ್ಯವಾಗಿ ಕ್ಲಿಕ್‌ಗಳ ಸಂಖ್ಯೆ ಏರಬೇಕಿತ್ತು. ನಮ್ಮ ಸಂಸ್ಥೆಯಲ್ಲಿ ಕ್ಲಿಕ್‌ಗಳು ಎರಡು ಪಟ್ಟಾದವು, ಆದರೆ ಒಂದು ಕ್ಲಿಕ್‌ನ ದರ 12 ರೂಪಾಯಿಯಿಂದ 34ಕ್ಕೆ ಜಿಗಿಯಿತು. ಪ್ರಮಾಣ ಎಷ್ಟು ಏರಿತು, ದರ ಎಷ್ಟು ಏರಿತು ಎಂದು ಬಿಡಿಸಿ ನೋಡುವುದು ಹಣಕಾಸಿನವರಿಗೆ ದಿನನಿತ್ಯದ ಕೆಲಸ. ಈ ಭಾಷೆಯಲ್ಲಿ ಬರೆದರೆ ಅವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇಷ್ಟು ತಿಳಿದ ಮೇಲೆ ಪತ್ರದ ಮೊದಲ ಭಾಗ ಹೀಗಿರಬಹುದು:

‘ಮಾನ್ಯರೇ, 13ರ ಸಂಜೆಯಿಂದ 16ರ ಬೆಳಿಗ್ಗೆವರೆಗೆ ಗೂಗಲ್ ಜಾಹೀರಾತಿನಲ್ಲಿ 1,54,000 ರೂ. ಹೆಚ್ಚು ಖರ್ಚಾಗಿದೆ. 18% ಜಿಎಸ್‌ಟಿ ಸೇರಿ ಪಾವತಿಯಾಗುವ ಹೆಚ್ಚುವರಿ ಮೊತ್ತ 1,81,720 ರೂ. ಬಿಡ್‌ನ ಗುರಿಯನ್ನು 450% ಬದಲು 45% ಎಂದು ನಮೂದಿಸಿದ್ದು ಕಾರಣ. ದಿನದ ಬಜೆಟ್ ಮಂಜೂರಾತಿಗಿಂತ ಸಡಿಲವಾಗಿದ್ದರಿಂದ ಅದು ಖರ್ಚನ್ನು ತಡೆಯಲಿಲ್ಲ. 16ರಂದು ಬೆಳಿಗ್ಗೆ 10.30ಕ್ಕೆ ಜಾಹೀರಾತು ನಿಲ್ಲಿಸಿದ್ದೇವೆ. ಈ ಹಣ ಗೂಗಲ್‌ನಿಂದ ವಾಪಸ್ ಬರುವುದಿಲ್ಲ.’

ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಲು ಕಾರಣವಿದೆ. ಖಾತೆಯಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಸರಿಯಾಗಿದ್ದು ಇನ್‌ಪುಟ್ ಕ್ರೆಡಿಟ್ ಸಿಗುವಂತಿದ್ದರೆ ಆ 27,720 ನಷ್ಟವಲ್ಲ, ಆದರೂ ಈ ತಿಂಗಳು ಕೈಯಿಂದ ಹೋಗುವ ಹಣವೇ.

ನಿಜವಾದ ನಷ್ಟ 1,54,000 ಕೂಡ ಅಲ್ಲ. ಆ ದಿನಗಳಲ್ಲಿ ಎಂದಿಗಿಂತ 78,000 ರೂಪಾಯಿ ಹೆಚ್ಚು ಮಾರಾಟ ಆಯಿತೆನ್ನೋಣ. ಮಾರಾಟದಲ್ಲಿ ಸರಕಿನ ವೆಚ್ಚ ಕಳೆದು 40% ಉಳಿಯುವುದಾದರೆ ಸಿಕ್ಕಿದ್ದು 31,200. ನಿವ್ವಳ ನಷ್ಟ 1,22,800. ಕ್ಲಿಕ್ ಮಾಡಿದ ಕೆಲವರು ನಾಲ್ಕಾರು ದಿನ ಬಿಟ್ಟು ಕೊಳ್ಳುತ್ತಾರೆ, ಕೊಂಡ ಕೆಲವರು ಹಿಂತಿರುಗಿಸುತ್ತಾರೆ. ಆದ್ದರಿಂದ ಇದನ್ನು ತಾತ್ಕಾಲಿಕ ಅಂಕಿ ಎಂದೇ ಬರೆದು, ಅಂತಿಮ ಲೆಕ್ಕ ಕೊಡುವ ದಿನಾಂಕವನ್ನೂ ತಿಳಿಸಬೇಕು.

ಇನ್ನು ಉಳಿದ ದಿನಗಳು. ತಿಂಗಳ 3 ಲಕ್ಷ ಆಗಲೇ ಮುಗಿದು 7,000 ಮೇಲಾಗಿದೆ. ತಿಂಗಳಾಂತ್ಯದವರೆಗೆ ಜಾಹೀರಾತು ಪೂರ್ತಿ ನಿಲ್ಲಿಸೋಣ ಎಂಬ ಮಾತು ಮೊದಲು ಬರುತ್ತದೆ. ಆದರೆ ಸರಿಯಾಗಿ ನಡೆಯುವ ಜಾಹೀರಾತಿನ ಒಂದು ರೂಪಾಯಿ ಐದು ರೂಪಾಯಿ ಮಾರಾಟ ತರುತ್ತದೆ, ಅದರಲ್ಲಿ ಎರಡು ರೂಪಾಯಿ ಉಳಿಯುತ್ತದೆ. ಅದನ್ನು ನಿಲ್ಲಿಸಿದರೆ ನಷ್ಟ ತುಂಬುವುದಿಲ್ಲ, ಬೆಳೆಯುತ್ತದೆ. ದಿನಕ್ಕೆ 5,000ದಂತೆ 14 ದಿನಕ್ಕೆ 70,000 ಕೇಳಿ, ಅದರಿಂದ ಬರಬಹುದಾದ ಮಾರಾಟವನ್ನು ಪಕ್ಕದಲ್ಲೇ ತೋರಿಸುವುದು ಉತ್ತಮ. ಆ ತಿಂಗಳು ಕೈಯಲ್ಲಿ ಹಣವಿದೆಯೇ ಎಂಬುದು ಹಣಕಾಸಿನವರಿಗೇ ಗೊತ್ತು, ತೀರ್ಮಾನ ಅವರಿಗೆ ಬಿಟ್ಟದ್ದು.

ಪರಿಹಾರ ಎಂದಾಗ ‘ಇನ್ನು ಮುಂದೆ ಜಾಗ್ರತೆ ವಹಿಸುತ್ತೇವೆ’ ಎಂಬ ಮಾತಿಗೆ ಬೆಲೆಯಿಲ್ಲ. ಸೊನ್ನೆ ಮತ್ತೊಮ್ಮೆ ಯಾರ ಕೈಯಲ್ಲಾದರೂ ತಪ್ಪಬಹುದು. ತಪ್ಪಿದರೂ ಹಣ ಹೋಗದಂತೆ ಮಾಡುವುದೇ ಪರಿಹಾರ. ಮೊದಲ ಕೆಲಸ, 3 ಲಕ್ಷವನ್ನು 30.4ರಿಂದ ಭಾಗಿಸುವುದು. ಬರುವುದು 9,868. ಮುಂದಿನ ತಿಂಗಳಿಂದ ದಿನದ ಬಜೆಟ್ 9,800 ಎಂದಿಟ್ಟು ಬದಲಿಸದಿದ್ದರೆ, ಗುರಿ ಏನೇ ಆಗಲಿ, ತಿಂಗಳ ಖರ್ಚು ಮಂಜೂರಾತಿ ದಾಟದು. ಹಬ್ಬದ ದಿನ ಕೆಲವು ಮಾರಾಟ ಕೈತಪ್ಪಬಹುದು, ಅದನ್ನು ಪತ್ರದಲ್ಲೇ ಹೇಳಿಬಿಡಬೇಕು. ಜೊತೆಗೆ, ದಿನದ ಖರ್ಚು 15,000 ದಾಟಿದರೆ ಜಾಹೀರಾತು ತಾನೇ ನಿಲ್ಲುವಂತೆ ಗಂಟೆಗೊಮ್ಮೆ ಓಡುವ ಸ್ಕ್ರಿಪ್ಟ್ ಹಾಕಬಹುದು. ಖರ್ಚಿನ ಅಂಕಿಗಳು ಖಾತೆಯಲ್ಲಿ ಸ್ವಲ್ಪ ತಡವಾಗಿ ಕಾಣಿಸುವುದರಿಂದ ಅದು ಒಂದಿಷ್ಟು ಹಣ ಹೋದ ಮೇಲೆಯೇ ನಿಲ್ಲಿಸುತ್ತದೆ. ಶುಕ್ರವಾರ ಸಂಜೆ ಬಿಡ್ ಮುಟ್ಟುವುದಿಲ್ಲ, ಗುರಿ ಬದಲಿಸಿದರೆ ಇನ್ನೊಬ್ಬರು ನೋಡುತ್ತಾರೆ ಎಂಬ ಕಟ್ಟುಪಾಡು ಇವೆರಡರ ನಂತರದ್ದು.

ನಿಮ್ಮ ಸಂಸ್ಥೆಯ ಜಾಹೀರಾತು ಖಾತೆ ನಿಮ್ಮ ಕೈಯಲ್ಲಿದ್ದರೆ ಇವತ್ತೇ ದಿನದ ಬಜೆಟ್ಟುಗಳನ್ನೆಲ್ಲ ಕೂಡಿ 30.4ರಿಂದ ಗುಣಿಸಿ. ಬಂದ ಮೊತ್ತ ಹಣಕಾಸು ವಿಭಾಗ ಮಂಜೂರು ಮಾಡಿದ್ದಕ್ಕಿಂತ ಹೆಚ್ಚಿದ್ದರೆ, ಆ ವಿಷಯವನ್ನು ಈಗಲೇ ಅವರಿಗೆ ಬರೆದು ತಿಳಿಸಿ.