ಗೋಮೆಲ್‌ನ ಹಾಲು, ಪೋಲೆಂಡಿನ ಅಯೋಡಿನ್

ಚೆರ್ನೋಬಿಲ್ ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರಂದು. ಹನ್ನೆರಡು ವರ್ಷಗಳ ಬಳಿಕ ವೈದ್ಯರ ತಂಡವೊಂದು ನೆರೆಯ ಬೆಲಾರೂಸ್‌ನ ಗೋಮೆಲ್ ಪ್ರಾಂತ್ಯದಲ್ಲಿ ಶಾಲಾ ಮಕ್ಕಳ ಕುತ್ತಿಗೆಯ ಸ್ಕ್ಯಾನಿಂಗ್ ಶುರುಮಾಡಿತು. ಪರೀಕ್ಷೆಗೆ ಒಳಗಾದ 21,601 ಮಕ್ಕಳನ್ನು ಹುಟ್ಟಿದ ದಿನಾಂಕದ ಮೇಲೆ ಮೂರು ಗುಂಪು ಮಾಡಿದರು. 1983ರಿಂದ ಅಪಘಾತದ ದಿನದವರೆಗೆ ಹುಟ್ಟಿದ 9,720 ಮಕ್ಕಳಲ್ಲಿ 31 ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಇತ್ತು. ಅಪಘಾತದ ಮರುದಿನದಿಂದ ಆ ವರ್ಷದ ಕೊನೆಯೊಳಗೆ ಹುಟ್ಟಿದ, ಅಂದರೆ ಆಗ ಗರ್ಭದಲ್ಲಿದ್ದ 2,409 ಮಕ್ಕಳಲ್ಲಿ ಒಬ್ಬರಿಗೆ. 1987ರಿಂದ 1989ರ ನಡುವೆ ಹುಟ್ಟಿದ 9,472 ಮಕ್ಕಳಲ್ಲಿ ಒಬ್ಬರಿಗೂ ಇಲ್ಲ.

ಈ ಮೂರು ಸಂಖ್ಯೆಗಳನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಅಲ್ಲೇ ನಿಲ್ಲುತ್ತದೆ. ಊರು ಅದೇ, ನೆಲ ಅದೇ. ಮೂವತ್ತು ವರ್ಷ ಕಳೆದರೂ ಅರ್ಧದಷ್ಟೇ ಕರಗುವ ಸೀಸಿಯಂ ಆ ಮಣ್ಣಿನಲ್ಲಿ ಇನ್ನೂ ಇತ್ತು. ಕೊನೆಯ ಗುಂಪಿನವರು ವಯಸ್ಸಿನಲ್ಲಿ ಚಿಕ್ಕವರು ನಿಜ, ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ಆ ಮಕ್ಕಳು ಹುಟ್ಟುವಷ್ಟರಲ್ಲಿ ಮಾಯವಾಗಿದ್ದ ಯಾವುದೋ ವಸ್ತು ಮೊದಲ ಗುಂಪಿನ ಮಕ್ಕಳನ್ನು ಹೊಕ್ಕಿತ್ತು. ಅದು ಅಯೋಡಿನ್-131. ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುವ ಈ ವಿಕಿರಣಶೀಲ ಅಯೋಡಿನ್ ಎಂಬತ್ತು ದಿನಗಳಲ್ಲಿ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ವರ್ಷದ ಬೇಸಿಗೆ ಮುಗಿಯುವುದರೊಳಗೆ ಅದರ ಕಥೆ ಮುಗಿದಿತ್ತು, ಮಕ್ಕಳ ಕಥೆ ಮುಗಿದಿರಲಿಲ್ಲ.

ಅದು ಮಕ್ಕಳ ಒಳಗೆ ಹೋದದ್ದು ಹೆಚ್ಚಾಗಿ ಹಾಲಿನ ಮೂಲಕ. ಗಾಳಿ ಮಳೆಯೊಂದಿಗೆ ಬಂದ ಅಯೋಡಿನ್ ಹುಲ್ಲಿನ ಮೇಲೆ ತೆಳ್ಳಗೆ ಹರಡಿತು. ಹಸು ದಿನವಿಡೀ ಮೇಯುತ್ತ ವಿಶಾಲವಾದ ಹುಲ್ಲುಗಾವಲಿನ ಧೂಳನ್ನೆಲ್ಲ ಒಟ್ಟುಮಾಡಿತು, ಒಂದೆರಡು ದಿನದಲ್ಲೇ ಅದು ಹಾಲಿಗೆ ಇಳಿಯಿತು. ಹಳ್ಳಿಗಳಲ್ಲಿ ಮನೆಯ ಹಸುವಿನ ಹಾಲನ್ನು ಕರೆದ ದಿನವೇ ಮಕ್ಕಳಿಗೆ ಕುಡಿಸುತ್ತಿದ್ದರು. ಅದೇ ಹಾಲನ್ನು ಪುಡಿಯೋ ಬೆಣ್ಣೆಯೋ ಮಾಡಿ ಎರಡು ಮೂರು ತಿಂಗಳು ಎತ್ತಿಟ್ಟಿದ್ದರೆ ಅದರಲ್ಲಿದ್ದ ಅಯೋಡಿನ್-131 ತಾನಾಗಿಯೇ ಕ್ಷಯಿಸಿಬಿಡುತ್ತಿತ್ತು. ಹಾಲು ಕುಡಿಸಬೇಡಿ ಎಂದು ಆ ತಾಯಂದಿರಿಗೆ ಸಕಾಲಕ್ಕೆ ಹೇಳುವವರು ಇರಲಿಲ್ಲ. ಸೋವಿಯತ್ ಸರ್ಕಾರ ಅಪಘಾತವಾಗಿದೆ ಎಂದು ಹೊರಗೆ ಒಪ್ಪಿಕೊಂಡದ್ದೇ ಏಪ್ರಿಲ್ 28ರ ರಾತ್ರಿ.

ಮಕ್ಕಳಿಗೇ ಏಕೆ ಇಷ್ಟು ಪೆಟ್ಟು? ಥೈರಾಯ್ಡ್ ಹಾರ್ಮೋನ್ ತಯಾರಾಗಲು ಅಯೋಡಿನ್ ಬೇಕೇ ಬೇಕು. ಹಾಗಾಗಿ ರಕ್ತದಲ್ಲಿ ಹಾದುಹೋಗುವ ಅಯೋಡಿನನ್ನು ಈ ಗ್ರಂಥಿ ಹುಡುಕಿ ಹಿಡಿದು ಕೂಡಿಡುತ್ತದೆ. ದೊಡ್ಡವರ ಗ್ರಂಥಿ ಸುಮಾರು 20 ಗ್ರಾಂ ತೂಗಿದರೆ ಒಂದು ವರ್ಷದ ಮಗುವಿನದು ಎರಡು ಗ್ರಾಂ ಆಸುಪಾಸು. ಒಂದೇ ಪ್ರಮಾಣದ ಅಯೋಡಿನ್-131 ಎರಡೂ ಗ್ರಂಥಿಗಳಿಗೆ ಸೇರಿತೆನ್ನಿ, ಮಗುವಿನ ಗ್ರಂಥಿಯ ಒಂದೊಂದು ಗ್ರಾಮಿಗೂ ಹತ್ತು ಪಟ್ಟು ವಿಕಿರಣ ಬೀಳುತ್ತದೆ. ಅದು ಹೊಮ್ಮಿಸುವ ಬೀಟಾ ಕಣಗಳು ಹೆಚ್ಚೆಂದರೆ ಎರಡು ಮಿಲಿಮೀಟರ್ ಚಲಿಸುತ್ತವೆ, ಆದ್ದರಿಂದ ಅವುಗಳ ಶಕ್ತಿಯೆಲ್ಲ ಆ ಪುಟ್ಟ ಗ್ರಂಥಿಯೊಳಗೇ ಸುರಿಯುತ್ತದೆ. ಬೆಳೆಯುವ ಮಗುವಿನ ಥೈರಾಯ್ಡ್ ಕೋಶಗಳು ಬೇಗ ಬೇಗ ವಿಭಜನೆಯಾಗುತ್ತಿರುತ್ತವೆ. ತುಂಡಾದ ಡಿಎನ್ಎ ಎಳೆಗಳು ತಪ್ಪಾಗಿ ಬೆಸೆದುಕೊಂಡರೆ ಆ ತಪ್ಪು ಮರಿಕೋಶಗಳಿಗೂ ದಾಟುತ್ತದೆ. ಗೋಮೆಲ್ ಮಕ್ಕಳ ಗಡ್ಡೆಗಳಲ್ಲಿ ರೆಟ್ ಎಂಬ ಜೀನಿನ ತುಂಡು ಇನ್ನೊಂದು ಜೀನಿಗೆ ಅಂಟಿಕೊಂಡಿದ್ದು ಮತ್ತೆ ಮತ್ತೆ ಕಂಡುಬಂತು. ಸಾಲದ್ದಕ್ಕೆ ಆ ಸೀಮೆಯ ಆಹಾರದಲ್ಲಿ ಅಯೋಡಿನ್ ಕೊರತೆಯಿತ್ತು. ಹಸಿದ ಗ್ರಂಥಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡಿತು.

ಮೊದಲ ನಾಲ್ಕು ವರ್ಷ ಏನೂ ಗೊತ್ತಾಗಲಿಲ್ಲ. 1990ರಿಂದ ಥೈರಾಯ್ಡ್ ಕ್ಯಾನ್ಸರ್‌ನೊಂದಿಗೆ ಬೆಲಾರೂಸ್‌ನ ಆಸ್ಪತ್ರೆಗಳಿಗೆ ಬರುವ ಮಕ್ಕಳ ಸಂಖ್ಯೆ ಏರಿತು. 1992ರಲ್ಲಿ ಅಲ್ಲಿನ ವೈದ್ಯರು ‘ನೇಚರ್’ ಪತ್ರಿಕೆಗೆ ಬರೆದಾಗ, ಇಷ್ಟು ಬೇಗ ಹೇಗೆ ಸಾಧ್ಯವೆಂದು ಹಲವು ತಜ್ಞರು ಅನುಮಾನಪಟ್ಟರು. ವೈದ್ಯರು ಹೇಳಿದ್ದೇ ಸರಿಯಾಗಿತ್ತು. ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ನಾಲ್ಕು ಪ್ರಾಂತ್ಯಗಳಲ್ಲಿ, ಅಪಘಾತದ ಸಮಯದಲ್ಲಿ 18 ತುಂಬದಿದ್ದವರಲ್ಲಿ 2015ರವರೆಗೆ 19 ಸಾವಿರಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಇವೆಲ್ಲ ವಿಕಿರಣದಿಂದಲೇ ಬಂದವಲ್ಲ. ಆ ಪೀಳಿಗೆಗೆ ವಯಸ್ಸಾಗುತ್ತ ಬಂತು, ತಪಾಸಣೆಯೂ ಹೆಚ್ಚಿತು. ವಿಕಿರಣದ ಪಾಲು ಸುಮಾರು ಕಾಲು ಭಾಗ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಅಂದಾಜಿಸಿದೆ. ಸತ್ತವರು ಬಹಳ ಕಡಿಮೆ. ಆದರೆ ಗ್ರಂಥಿ ತೆಗೆಸಿಕೊಂಡವರು ಬದುಕಿಡೀ ದಿನವೂ ಥೈರಾಕ್ಸಿನ್ ಮಾತ್ರೆ ನುಂಗಲೇಬೇಕು.

ಅಯೋಡಿನ್-131 ಗ್ರಂಥಿಗೆ ಸೇರುವುದನ್ನು ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಹೇಗೆ ತಡೆಯುತ್ತದೆ? ಥೈರಾಯ್ಡ್ ಕೋಶದ ಹೊರಮೈಯಲ್ಲಿ ಅಯೋಡಿನನ್ನು ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಸಾಧಾರಣ ಅಯೋಡಿನ್ ಯಾವುದು, ವಿಕಿರಣಶೀಲ ಯಾವುದು ಎಂದು ಅದಕ್ಕೆ ತಿಳಿಯದು, ಏಕೆಂದರೆ ರಾಸಾಯನಿಕವಾಗಿ ಎರಡೂ ಒಂದೇ. ನಮಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ವಯಸ್ಕರ 130 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು 100 ಮಿಲಿಗ್ರಾಂ, ಅಂದರೆ ಆರುನೂರು ದಿನಕ್ಕೂ ಮಿಕ್ಕುವಷ್ಟು. ಜಾತ್ರೆಯ ನೂಕುನುಗ್ಗಲಲ್ಲಿ ಒಬ್ಬಿಬ್ಬರು ಕಳ್ಳರಿಗೆ ಗುಡಿಯ ಬಾಗಿಲೇ ಸಿಗದ ಹಾಗೆ, ಅಷ್ಟೊಂದು ಒಳ್ಳೆಯ ಅಯೋಡಿನ್ ನಡುವೆ ವಿಕಿರಣಶೀಲ ಅಣುಗಳಿಗೆ ಒಳಹೋಗುವ ಅವಕಾಶ ತೀರಾ ಕಡಿಮೆ. ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ಅಯೋಡಿನ್ ಅತಿಯಾದಾಗ ಗ್ರಂಥಿ ಅದನ್ನು ಹಾರ್ಮೋನಿಗೆ ಸೇರಿಸುವುದನ್ನೇ ಸ್ವಲ್ಪ ಕಾಲ ನಿಲ್ಲಿಸುತ್ತದೆ. ವುಲ್ಫ್ ಮತ್ತು ಚೈಕಾಫ್ ಇದನ್ನು 1948ರಲ್ಲೇ ತೋರಿಸಿದ್ದರು. ಹಿಡಿಯುವವರಿಲ್ಲದ ಅಯೋಡಿನ್-131 ಮೂತ್ರದಲ್ಲಿ ಹೊರಟುಹೋಗುತ್ತದೆ.

ಎಲ್ಲವೂ ನಿಂತಿರುವುದು ಹೊತ್ತಿನ ಮೇಲೆ. ವಿಕಿರಣದ ಮೋಡ ತಲುಪುವ ಮೊದಲಿನ 24 ಗಂಟೆಯೊಳಗೆ, ಇಲ್ಲವೇ ತಲುಪಿದ ಎರಡು ಗಂಟೆಯೊಳಗೆ ನುಂಗಿದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂಟು ಗಂಟೆಯವರೆಗೂ ಕೊಡಬಹುದು, ಆದರೆ ಫಲ ಇಳಿಯುತ್ತ ಹೋಗುತ್ತದೆ. ವಿಕಿರಣ ತಗುಲಿ ಒಂದು ದಿನ ಕಳೆದ ಮೇಲೆ ಕೊಟ್ಟರೆ ಕೆಡುಕೇ ಹೆಚ್ಚಾದೀತು. ಆಗಲೇ ಒಳಸೇರಿದ ಅಯೋಡಿನ್-131 ಹೊರಬೀಳುವುದು ನಿಧಾನವಾಗಿ, ಅದು ಗ್ರಂಥಿಯಲ್ಲೇ ಇನ್ನಷ್ಟು ದಿನ ಉಳಿಯುತ್ತದೆ.

ಪೋಲೆಂಡ್ ಈ ಹೊತ್ತಿನ ಬೆಲೆ ಅರಿತು ನಡೆಯಿತು. ಏಪ್ರಿಲ್ 28ರ ಬೆಳಿಗ್ಗೆ ಈಶಾನ್ಯದ ಮಿಕೊಲಾಯ್ಕಿಯ ಮಾಪನ ಕೇಂದ್ರದಲ್ಲಿ ಗಾಳಿಯ ವಿಕಿರಣ ಏರಿದ್ದು ಗೊತ್ತಾಯಿತು. ಮಾಸ್ಕೋದ ಮಾಹಿತಿಗೆ ಕಾಯುತ್ತ ಕೂರದೆ 29ರಂದೇ ಅಯೋಡೈಡ್ ಹಂಚಿಕೆ ಆರಂಭಿಸಿದರು. ಮಾತ್ರೆಯ ದಾಸ್ತಾನಿರಲಿಲ್ಲ, ಔಷಧಾಲಯಗಳಲ್ಲಿ ದ್ರಾವಣ ತಯಾರಿಸಿ ಕೊಟ್ಟರು. ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಒಂದೊಂದು ಡೋಸ್ ತಲುಪಿತು. ಮೇಯುವ ಹಸುಗಳ ಹಾಲನ್ನು ಮಕ್ಕಳಿಗೆ ಕೊಡುವುದನ್ನೂ ತಡೆದು ಹಾಲಿನಪುಡಿ ಹಂಚಿದರು. ಪೋಲೆಂಡಿನ ಮೇಲೆ ಬಿದ್ದ ಅಯೋಡಿನ್ ಗೋಮೆಲ್‌ಗಿಂತ ಬಹಳ ಕಡಿಮೆ ಎಂಬುದನ್ನು ಮರೆಯಬಾರದು, ರಕ್ಷಣೆಯ ಶ್ರೇಯಸ್ಸೆಲ್ಲ ಔಷಧಿಯದೇ ಅಲ್ಲ. ಆದರೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ಗಂಭೀರ ಅಡ್ಡಪರಿಣಾಮ ತೀರಾ ವಿರಳ ಎಂಬುದು ಅಲ್ಲಿ ಸಾಬೀತಾಯಿತು. ಕೆಲವು ನವಜಾತ ಶಿಶುಗಳಲ್ಲಿ ಮಾತ್ರ ಥೈರಾಯ್ಡ್ ಕೆಲಸ ತಾತ್ಕಾಲಿಕವಾಗಿ ಕುಗ್ಗಿತ್ತು. ಆದ್ದರಿಂದಲೇ ಹಸುಗೂಸಿಗೆ ಮಾತ್ರೆಯ ಎಂಟನೇ ಒಂದು ಭಾಗ, ಮೂರು ವರ್ಷದೊಳಗಿನವರಿಗೆ ಕಾಲು, ಹನ್ನೆರಡರವರೆಗೆ ಅರ್ಧ ಎಂಬ ಲೆಕ್ಕ ಇದೆ.

ಈ ಮಾತ್ರೆ ಕಾಯುವುದು ಥೈರಾಯ್ಡನ್ನು ಮಾತ್ರ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ, ಅದೂ ಸುಮಾರು ಒಂದು ದಿನ. ಸೀಸಿಯಂ ಮೇಲೆ, ಹೊರಗಿನಿಂದ ಬೀಳುವ ಗಾಮಾ ಕಿರಣದ ಮೇಲೆ ಅದರ ಆಟ ನಡೆಯದು. ನಲವತ್ತು ದಾಟಿದವರಿಗೆ ಲಾಭ ಅಲ್ಪ, ಹಾಗಾಗಿ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರಿಗೆ ಮೊದಲ ಸರದಿ. ನಮ್ಮ ಕೈಗಾದಂಥ ಸ್ಥಾವರಗಳ ಸುತ್ತಲ ಜನರೂ ಆಡಳಿತ ಸೂಚನೆ ಕೊಟ್ಟಾಗಲೇ ಇದನ್ನು ನುಂಗಬೇಕು. ಅಯೋಡಿನ್ ಉಪ್ಪು ಇದಕ್ಕೆ ಬದಲಿಯಲ್ಲ. ಕಿಲೋ ಉಪ್ಪಿನಲ್ಲಿ 15 ಮಿಲಿಗ್ರಾಂ ಅಯೋಡಿನ್ ಇದ್ದರೆ, ಒಂದು ಮಾತ್ರೆಯಷ್ಟು ಪಡೆಯಲು ಆರು ಕಿಲೋ ಮೀರಿ ತಿನ್ನಬೇಕಾದೀತು. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನನ್ನೂ ಪೊವಿಡೋನ್ ದ್ರಾವಣವನ್ನೂ ಕುಡಿಯಲೇಬಾರದು, ಅವು ವಿಷ.