ಬಾಯಿಪಾಠದ ವೇದ, ಓಲೆಯ ವೇದ

ಋಗ್ವೇದದ ಶಾಕಲ ಶಾಖೆಯಲ್ಲಿ 1028 ಸೂಕ್ತಗಳಿವೆ, ಹತ್ತು ಸಾವಿರಕ್ಕೂ ಮಿಕ್ಕ ಮಂತ್ರಗಳಿವೆ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಇವನ್ನು ಉಳಿಸಿದ್ದು ಗುರುವಿನ ಬಾಯಿ ಮತ್ತು ಶಿಷ್ಯನ ಕಿವಿ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿರುವ ಋಗ್ವೇದದ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯದು 1464ರದು. ಬರವಣಿಗೆ ಬಳಕೆಗೆ ಬಂದ ಮೇಲೂ ವೈದಿಕರು ಅದನ್ನು ನಂಬಲಿಲ್ಲ. ಬರೆದದ್ದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆ ಅಧಮ ಪಾಠಕರ ಸಾಲಿಗೇ ಸೇರಿಸಿದೆ.

ಈ ಹಟದ ಹಿಂದೆ ಒಂದು ಪಕ್ಕಾ ವ್ಯವಸ್ಥೆಯಿತ್ತು. ಮಂತ್ರಗಳ ಸಂಧಿಯನ್ನು ಬಿಡಿಸಿ ಒಂದೊಂದು ಪದವನ್ನೂ ಬೇರೆಯಾಗಿ ನಿಲ್ಲಿಸಿದ ಪದಪಾಠವನ್ನು ಶಾಕಲ್ಯನು ರೂಪಿಸಿದನು. ಕ್ರಮ, ಜಟೆ, ಘನ ಮೊದಲಾದ ಪಾಠಗಳು ಅದರ ಮೇಲೆಯೇ ನಿಂತಿವೆ. ಘನಪಾಠದಲ್ಲಿ ಮೊದಲ ಮೂರು ಪದಗಳನ್ನು 1-2, 2-1, 1-2-3, 3-2-1, 1-2-3 ಎಂದು ಹೇಳಿ, ಮುಂದಿನ ಸುತ್ತನ್ನು ಎರಡನೆಯ ಪದದಿಂದ ಆರಂಭಿಸುತ್ತಾರೆ. ಹೀಗೆ ಸಾಲಿನ ನಡುವಿನ ಪ್ರತಿ ಪದವೂ 13 ಬಾರಿ ಬಾಯಿಗೆ ಬರುತ್ತದೆ. ಪದಗಳನ್ನು ಹಿಂದುಮುಂದು ಮಾಡಿದಾಗ ಸಂಧಿಯೂ ಸ್ವರವೂ ಬದಲಾಗುವುದರಿಂದ ಬಿಡಿ ಪದ ಖಚಿತವಾಗಿ ಗೊತ್ತಿಲ್ಲದವನು ಅಲ್ಲೇ ಎಡವುತ್ತಾನೆ. ಒಂದು ಪದ ಬಿಟ್ಟುಹೋದರೆ ಮುಂದಿನ ಸುತ್ತು ಕೂಡಿಬರುವುದಿಲ್ಲ. ಕೇರಳದ ನಂಬೂದಿರಿಗಳೂ ಮಹಾರಾಷ್ಟ್ರದ ವೈದಿಕರೂ ಹೇಳುವ ಧಾಟಿ ಬೇರೆ ಬೇರೆಯಾದರೂ ಪದಗಳು ಒಂದೇ ಆಗಿರುವುದಕ್ಕೆ ಇದೇ ಕಾರಣ.

ಆದರೆ ಈ ಕಾವಲು ಶುರುವಾದದ್ದೇ ಪದಪಾಠದಿಂದ. ಅದಕ್ಕೆ ಮುಂಚೆ ನುಸುಳಿದ ಬದಲಾವಣೆಗಳನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡಿತು! ಇಂದು ಎಲ್ಲರೂ 'ಪಾವಕ' ಎಂದೇ ಪಠಿಸುತ್ತಾರೆ. ಆದರೆ ಪಾದದ ಕೊನೆಯ ಲಘು-ಗುರುಗಳ ಲೆಕ್ಕ ಹಿಡಿದರೆ ಋಷಿಗಳು 'ಪವಾಕ' ಎಂದು ಉಚ್ಚರಿಸಿದ್ದರೆಂದು ತಿಳಿಯುತ್ತದೆ. ಮನೆಮನೆಯಲ್ಲಿ ಕೇಳುವ ಮೃತ್ಯುಂಜಯ ಮಂತ್ರವೂ ಸೇರಿದಂತೆ ಆರು ಮಂತ್ರಗಳಿಗೆ ಶಾಕಲ್ಯನ ಪದಪಾಠವೇ ಇಲ್ಲ. ಅವು ಸಂಹಿತೆಗೆ ತಡವಾಗಿ ಸೇರಿದವು ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ.

ಬಾಯಿಪಾಠ ಕಡಿದುಹೋದಾಗ ಆಗುವುದೇನೆಂಬುದನ್ನು ಅಥರ್ವವೇದದ ಪೈಪ್ಪಲಾದ ಶಾಖೆಯಲ್ಲಿ ನೋಡಬಹುದು. ಕಾಶ್ಮೀರದಲ್ಲಿ ಅದರದೊಂದು ಭೂರ್ಜಪತ್ರದ ಪ್ರತಿ ಶಾರದಾ ಲಿಪಿಯಲ್ಲಿ ಸಿಕ್ಕಿತು. 1901ರಲ್ಲಿ ಅದರ ಛಾಯಾಪ್ರತಿ ಪ್ರಕಟವಾಯಿತು. ಲಿಪಿಕಾರರ ಕೈಯಲ್ಲಿ ಅಕ್ಷರಗಳು ಅದಲುಬದಲಾಗಿ, ಪದಗಳು ತಪ್ಪಾಗಿ ತುಂಡಾಗಿ, ಎಷ್ಟೋ ಮಂತ್ರಗಳಿಗೆ ಅರ್ಥವೇ ಹೊರಡದಂತಾಗಿತ್ತು. ಓದಿ ತಿದ್ದಬಲ್ಲ ಪಾಠಕರು ಇರಲಿಲ್ಲ. 1950ರ ದಶಕದಲ್ಲಿ ದುರ್ಗಾಮೋಹನ ಭಟ್ಟಾಚಾರ್ಯರು ಒಡಿಶಾದಲ್ಲಿ ಅದೇ ಶಾಖೆಯ ತಾಳೆಗರಿ ಪ್ರತಿಗಳನ್ನು ಪತ್ತೆಮಾಡಿದ ಮೇಲಷ್ಟೇ ಹೋಲಿಕೆಗೊಂದು ಆಧಾರ ದೊರೆಯಿತು. ಆ ಗರಿಗಳಲ್ಲಿಯೂ ತಪ್ಪುಗಳಿವೆ. ಆದರೆ ಎರಡೂ ಕಡೆಯ ತಪ್ಪುಗಳು ಒಂದೇ ಜಾಗದಲ್ಲಿ ಬೀಳುವುದು ಕಡಿಮೆಯಾದ್ದರಿಂದ, ಸಂಪಾದಕರು ಇವೆರಡನ್ನೂ ಎದುರುಬದುರು ಇಟ್ಟುಕೊಂಡೇ ಪಾಠವನ್ನು ನಿರ್ಣಯಿಸುತ್ತಾರೆ.