ಕರುಳಿನ ಆಪರೇಷನ್‌ಗೆ ರಜೆ ಕೇಳುವ ಪತ್ರ

ಪೀಣ್ಯದ ಕಾರ್ಖಾನೆಯೊಂದರ ಲೇತ್ ಆಪರೇಟರ್‌ಗೆ ದೊಡ್ಡ ಕರುಳಿನಲ್ಲಿ ಗಡ್ಡೆ ಇರುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ ಎಂದುಕೊಳ್ಳೋಣ. 10ನೇ ತಾರೀಖು ಕೊಲೊನೋಸ್ಕೋಪಿ, 24ಕ್ಕೆ ಆಪರೇಷನ್. ಇಂಥ ಹೊತ್ತಿನಲ್ಲಿ ‘ಮೈಗೆ ಹುಷಾರಿಲ್ಲದ ಕಾರಣ ರಜೆ ಮಂಜೂರು ಮಾಡಬೇಕು’ ಎಂದಷ್ಟೇ ಬರೆದುಕೊಟ್ಟರೆ ಮೇಲ್ವಿಚಾರಕರಿಗೆ ಏನೂ ತಿಳಿಯುವುದಿಲ್ಲ. ಇವೆರಡೂ ಬೇರೆ ಬೇರೆ ರಜೆ. ಪತ್ರದಲ್ಲೂ ಬೇರೆಯಾಗಿಯೇ ಇರಬೇಕು.

ಕೊಲೊನೋಸ್ಕೋಪಿ ಮುಗಿಯಲು ಮುಕ್ಕಾಲು ಗಂಟೆ ಸಾಕು. ಆದರೂ ಈ ಕೆಲಸದವರಿಗೆ ಮೂರು ದಿನ ಬೇಕು. ಹಿಂದಿನ ದಿನ ಎಳನೀರು, ತಿಳಿಸಾರಿನಂಥ ದ್ರವಾಹಾರ ಮಾತ್ರ. ಸಂಜೆಯಿಂದ ಕರುಳು ತೊಳೆಯುವ ಪುಡಿ ಬೆರೆಸಿದ ನೀರು ಕುಡಿಯಬೇಕು, ಸಾಮಾನ್ಯವಾಗಿ ಒಟ್ಟು ಎರಡು ಲೀಟರ್. ಅರ್ಧ ರಾತ್ರಿಗೆ, ಉಳಿದದ್ದು ಬೆಳಗಿನ ಜಾವಕ್ಕೆ. ಆಮೇಲೆ ಶೌಚಾಲಯ ಬಿಟ್ಟು ದೂರ ಹೋಗುವಂತಿಲ್ಲ. ಪರೀಕ್ಷೆಗೆ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟರೆ 24 ಗಂಟೆ ಗಾಡಿ ಓಡಿಸಬಾರದು, ಯಂತ್ರ ಮುಟ್ಟಬಾರದು. ಹಾಗಾಗಿ 9, 10 ಮತ್ತು 11. ಕರುಳು ಸರಿಯಾಗಿ ಶುಚಿಯಾಗದಿದ್ದರೆ ಒಳಗಿನದು ಕಾಣದೆ ಪರೀಕ್ಷೆ ಮುಂದೆ ಹೋಗುವುದೂ ಉಂಟು; ಅದನ್ನೂ ಒಂದು ಮಾತು ಬರೆದಿಡುವುದು ಒಳ್ಳೆಯದು.

ಆಪರೇಷನ್‌ನ ಲೆಕ್ಕ ಅಷ್ಟು ಖಚಿತವಲ್ಲ. ಕರುಳಿನ ಒಂದು ಭಾಗ ತೆಗೆದು ಜೋಡಿಸಿದವರು ಸುಮಾರು ಒಂದು ವಾರ ಆಸ್ಪತ್ರೆಯಲ್ಲಿರುತ್ತಾರೆ. ಹೊಟ್ಟೆಯ ಗಾಯ ಗಟ್ಟಿಯಾಗುವ ಮೊದಲೇ ಭಾರ ಎತ್ತಿದರೆ ಹರ್ನಿಯಾ ಆಗಬಹುದು. ಅದಕ್ಕೇ ಪತ್ರದ ಮುಖ್ಯ ಭಾಗ ಹೀಗಿದ್ದರೆ ಚೆಂದ:

‘ವೈದ್ಯರ ಸಲಹೆಯಂತೆ 24ರಂದು ಹೊಟ್ಟೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅಂದಿನಿಂದ ಸುಮಾರು ಆರು ವಾರ ವಿಶ್ರಾಂತಿ ಬೇಕಾಗಬಹುದು. ನಿಖರವಾದ ದಿನಾಂಕವನ್ನು ಡಿಸ್ಚಾರ್ಜ್ ಆದ ಮೇಲೆ ತಿಳಿಸುತ್ತೇನೆ. ಮರಳಿದ ಮೇಲೆ ಕೆಲವು ವಾರ ಭಾರ ಎತ್ತುವ ಕೆಲಸ ಕೊಡದಿರಲು ಮತ್ತು ಶೌಚಾಲಯಕ್ಕೆ ಹತ್ತಿರದ ಜಾಗ ಕೊಡಲು ಕೋರುತ್ತೇನೆ.’

ಗಡ್ಡೆಯ ವಿಚಾರ ಇಲ್ಲಿಲ್ಲ ಎಂಬುದನ್ನು ಗಮನಿಸಿ. ಪತ್ರ ಹಲವರ ಕೈ ದಾಟುತ್ತದೆ. ರೋಗದ ವಿವರ ವೈದ್ಯರ ಸರ್ಟಿಫಿಕೇಟಿನಲ್ಲಿದ್ದರೆ ಸಾಕು.

ದುಡ್ಡಿನ ಮಾತೂ ಪತ್ರದಲ್ಲೇ ಇತ್ಯರ್ಥವಾಗಬೇಕು. ಇಎಸ್‌ಐ ಇರುವ ಕಾರ್ಮಿಕರಿಗೆ ಕಾಯಿಲೆಯ ರಜೆಯಲ್ಲಿ ದಿನಗೂಲಿಯ ಶೇ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಆದರೆ ಸಂಬಳ ಸಹಿತ ರಜೆ ಹಾಕಿಕೊಂಡ ದಿನಕ್ಕೆ ಇದು ಸಿಗದು, ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೂ ಇಲ್ಲ. ಆದ್ದರಿಂದ ಪರೀಕ್ಷೆಯ ಮೂರು ದಿನಕ್ಕೆ ತಮ್ಮ ಖಾತೆಯ ಗಳಿಕೆ ರಜೆ, ಆಪರೇಷನ್ ನಂತರದ ವಾರಗಳಿಗೆ ಇಎಸ್‌ಐ ಎಂದು ವಿಂಗಡಿಸಿ ಬರೆಯುವುದು ಲೇಸು. ಇಎಸ್‌ಐ ವೈದ್ಯರ ಸರ್ಟಿಫಿಕೇಟನ್ನು ಆಗಾಗ ಮುಂದುವರಿಸಿಕೊಳ್ಳಬೇಕು. ನಡುವೆ ಬಿಟ್ಟುಹೋದ ದಿನಗಳ ಹಣಕ್ಕೆ ತೊಡಕಾಗುತ್ತದೆ.

ತೆಗೆದ ಗಡ್ಡೆ ಕ್ಯಾನ್ಸರ್ ಎಂದು ಬಯಾಪ್ಸಿ ಹೇಳಿ ಕಿಮೋಥೆರಪಿ ಶುರುವಾದರೆ ಆರು ವಾರ ಸಾಲುವುದಿಲ್ಲ. ಎರಡು ವರ್ಷ ಸತತವಾಗಿ ವಿಮೆಯಡಿ ದುಡಿದವರಿಗೆ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ 80ರ ವಿಸ್ತರಿತ ಸೌಲಭ್ಯವಿದೆ. ಅದಕ್ಕೆ ಬೇರೆ ಕಾಗದಪತ್ರ ಬೇಕು. ರಜೆ ವಿಸ್ತರಣೆಯ ಎರಡನೇ ಪತ್ರವನ್ನು 91 ದಿನ ತುಂಬುವ ಮೊದಲೇ ಕಾರ್ಖಾನೆಗೆ ಮುಟ್ಟಿಸಬೇಕು.